ಎರಡು ದಿನ ಹೇಳದೇ ಇಟ್ಟುಕೊಂಡ ತಲೆನೋವು

ಗುರುತು ಸಿಗುವಂಥ ವಿವರಗಳನ್ನೆಲ್ಲ ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಹೆಸರು ಬೇಡ. ಹುಡುಗಿ ಎಂದೇ ಕರೆಯುತ್ತೇನೆ. ವಯಸ್ಸು 16.

ಅಮ್ಮನ ಜೊತೆ ಆಸ್ಪತ್ರೆಯ ನನ್ನ ಕೋಣೆಗೆ ಬಂದವಳು ಶಾಲೆಯ ಬ್ಯಾಗನ್ನು ಹೊಟ್ಟೆಗೆ ಅವಚಿಕೊಂಡು ಕೂತಳು. ಅವತ್ತು ಶಾಲೆಗೆ ರಜೆ. ಬ್ಯಾಗ್ ತರುವ ಅಗತ್ಯವೇ ಇರಲಿಲ್ಲ. ತಿಂಗಳುಗಟ್ಟಲೆ ಹಾಗೇ ಕೂತು ಅದೇ ಅಭ್ಯಾಸವಾಗಿತ್ತು.

ಸ್ಕ್ಯಾನಿಂಗ್ ಪ್ರಕಾರ 24 ವಾರದ ಬಸಿರು. ಅಮ್ಮ ಒಂದೇ ಮಾತು ಹೇಳುತ್ತಿದ್ದರು: "ಆರು ತಿಂಗಳು ನನ್ನ ಕಣ್ಣೆದುರೇ ಓಡಾಡಿದಾಳೆ ಮೇಡಂ. ನಂಗೆ ಗೊತ್ತೇ ಆಗ್ಲಿಲ್ವಲ್ಲ." ನಾನು ಅವರಿಗೆ ಹೇಳಿದೆ, ಇದು ನಿಮ್ಮೊಬ್ಬರ ಕಥೆಯಲ್ಲ ಅಮ್ಮ ಎಂದು. ಮೈನೆರೆದ ಮೊದಲ ಕೆಲವು ವರ್ಷ ಮುಟ್ಟು ಹಿಂದೆಮುಂದೆ ಆಗುವುದು ಸಹಜ. ಎರಡು ತಿಂಗಳು ಆಗದಿದ್ದರೂ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹುಡುಗಿಯೂ ಮುಂದಿನ ತಿಂಗಳು ಆಗಬಹುದು ಅಂತ ಕಾಯುತ್ತಾಳೆ. ಹಾಗೇ ದಿನ ಹೋಗುತ್ತದೆ. ತಡವಾಗಿ ಬಂದರೆ ಇನ್ನೊಂದು ತೊಂದರೆಯೂ ಇದೆ. ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನಿಂಗ್ ಬಸಿರಿನ ದಿನವನ್ನು ಸುಮಾರು ಒಂದು ವಾರದ ಆಚೀಚೆ ಹೇಳಿಬಿಡುತ್ತದೆ. ಆರನೇ ತಿಂಗಳಲ್ಲಿ ಮಾಡಿದರೆ ಆ ಲೆಕ್ಕ ಎರಡು ವಾರ ಆಚೀಚೆ ಆಗಬಹುದು. ಕೊನೆಯಲ್ಲಿ ಮಗು ದಿನಕ್ಕಿಂತ ಮುಂಚೆ ಬಂತಾ, ಸಣ್ಣದಾಗಿ ಹುಟ್ಟಿತಾ ಎಂದು ತೀರ್ಮಾನಿಸುವಾಗ ಆ ಎರಡು ವಾರ ತುಂಬ ದೊಡ್ಡದು.

ಅಮ್ಮನನ್ನು ಹೊರಗೆ ಕೂರಿಸಿ ಹುಡುಗಿಯ ಜೊತೆ ಒಬ್ಬಳೇ ಮಾತಾಡಿದೆ. ಇದನ್ನು ನಾನು ಎಂದೂ ಬಿಡುವುದಿಲ್ಲ, ಮನೆಯವರಿಗೆ ಎಷ್ಟೇ ಬೇಸರವಾದರೂ. ಮಾತು ಶುರುವಾಗುವ ಮುಂಚೆಯೇ ಅವಳಿಗೆ ಒಂದು ವಿಷಯ ತಿಳಿಸಿದೆ. ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ಯಾರಾದರೂ ಬಲವಂತ ಮಾಡಿದ್ದರೆ, ಈಗಲೂ ಹೆದರಿಸುತ್ತಿದ್ದರೆ, ನಿನ್ನನ್ನು ಕಾಪಾಡುವವರಿಗೆ ನಾನು ತಿಳಿಸಲೇಬೇಕಾಗುತ್ತದೆ. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಏನು ಮಾಡಬೇಕಿತ್ತೋ ಅದು ಆಯಿತು. ಬಸಿರನ್ನು ಮುಂದುವರಿಸುವ ಬಗ್ಗೆಯೂ ವೈದ್ಯರು ಅವಳ ಜೊತೆ ಬೇರೆಯಾಗಿ ಮಾತಾಡಿದ್ದರು. ಈ ವಿಚಾರದಲ್ಲಿ ಕಾನೂನು ದೇಶದಿಂದ ದೇಶಕ್ಕೆ ಬೇರೆ, ವಾರಗಳ ಲೆಕ್ಕವೂ ಬೇರೆ. ಅವಳು ಮುಂದುವರಿಸಲು ನಿರ್ಧರಿಸಿದಳು. ಗೆಳತಿಯೊಬ್ಬಳು ಅಂಗಡಿಯಿಂದ ಗರ್ಭಪಾತದ ಮಾತ್ರೆ ತಂದುಕೊಡುತ್ತೇನೆ ಎಂದಿದ್ದಳಂತೆ. ಇವಳು ತೆಗೆದುಕೊಳ್ಳಲಿಲ್ಲ. ಅದೃಷ್ಟ ಎಂದೇ ಹೇಳಬೇಕು. ಇಷ್ಟು ವಾರವಾದ ಮೇಲೆ ಯಾರೂ ನೋಡಿಕೊಳ್ಳದೇ ಆ ಮಾತ್ರೆ ನುಂಗಿದರೆ ರಕ್ತಸ್ರಾವ ನಿಲ್ಲದೇ ಜೀವಕ್ಕೇ ಕುತ್ತು ಬರಬಹುದು.

ಅಮ್ಮನನ್ನು ಒಳಗೆ ಕರೆದಾಗ ಅವರ ಮೊದಲ ಪ್ರಶ್ನೆ, "ಇಷ್ಟು ಚಿಕ್ಕ ಸೊಂಟ. ಹೆರಿಗೆ ಆಗುತ್ತಾ?"

ಎಲ್ಲರೂ ಮೊದಲು ಕೇಳುವುದು ಇದನ್ನೇ. ಎತ್ತರ ಬೆಳೆಯುವುದು ನಿಂತ ಮೇಲೂ ಸೊಂಟದ ಮೂಳೆ ಸ್ವಲ್ಪ ಕಾಲ ಬೆಳೆಯುತ್ತಿರುತ್ತದೆ. 15ಕ್ಕಿಂತ ಚಿಕ್ಕವರಲ್ಲಿ ಹೆರಿಗೆ ಮಧ್ಯದಲ್ಲೇ ತಡೆದು ನಿಲ್ಲುವ ಭಯ ಅದಕ್ಕೇ ಜಾಸ್ತಿ. ಆದರೆ 16ರ ಎಷ್ಟೋ ಹುಡುಗಿಯರಿಗೆ ಮಾಮೂಲಿ ಹೆರಿಗೆ ಆಗುತ್ತದೆ. ನಮ್ಮ ವೈದ್ಯರಿಗೆ ಜಾಸ್ತಿ ಚಿಂತೆ ಇದ್ದದ್ದು ಬೇರೆ ಎರಡು ವಿಷಯದಲ್ಲಿ: ರಕ್ತ ಕಡಿಮೆ ಇರುವುದು, ಬಿಪಿ ಏರುವುದು.

ಬಸುರಿಗೆ ಹಿಮೋಗ್ಲೋಬಿನ್ 11 ಆದರೂ ಇರಬೇಕು. ಇವಳಿಗೆ 8.6 ಇತ್ತು. ಅವಳ ಮೈಯೇ ಇನ್ನೂ ಬೆಳೆಯುತ್ತಿದೆ, ಅದಕ್ಕೆ ಕಬ್ಬಿಣದ ಅಂಶ ಬೇಕು. ಒಳಗಿನ ಮಗುವಿಗೂ ಬೇಕು. ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೂ ಗಟ್ಟಿ ಇರುವ ಹೆಂಗಸು ತಡೆದುಕೊಳ್ಳುತ್ತಾಳೆ. ರಕ್ತ ಮೊದಲೇ ಕಡಿಮೆ ಇದ್ದವಳಿಗೆ ಅಷ್ಟೇ ಸಾಕು, ಕುಸಿದುಬಿಡುತ್ತಾಳೆ. ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರು. ನಾಲ್ಕು ವಾರ ಬಿಟ್ಟು ನೋಡಿದರೆ 8.8. ಏರಿದ್ದು ಏರದ ಹಾಗೆಯೇ.

ಕಾರಣ ಹೇಳಿಸಲು ಅರ್ಧ ಗಂಟೆ ಹಿಡಿಯಿತು. ನಾಲ್ಕನೇ ದಿನ ಮಲ ಕಪ್ಪಗೆ ಹೋಗಿತ್ತು. ಒಳಗೆ ರಕ್ತ ಸೋರುತ್ತಿದೆ, ಮಗುವಿಗೆ ಏನೋ ಆಗಿದೆ ಎಂದುಕೊಂಡು ಮಾತ್ರೆ ನಿಲ್ಲಿಸಿದ್ದಳು. ಯಾರಿಗೂ ಹೇಳಿರಲಿಲ್ಲ. ದಿನಾ ಒಂದೊಂದು ಮಾತ್ರೆ ಬಿಸಾಕುತ್ತಿದ್ದಳು, ಅಮ್ಮ ಎಣಿಸುತ್ತಾರೆ ಅಂತ. ತಪ್ಪು ನಮ್ಮದೇ. ಕಬ್ಬಿಣದ ಮಾತ್ರೆಗೆ ಮಲ ಕಪ್ಪಾಗುತ್ತದೆ, ಅದರಿಂದ ಏನೂ ಆಗುವುದಿಲ್ಲ ಎಂದು ಮಾತ್ರೆ ಕೊಡುವಾಗಲೇ ಹೇಳಬೇಕಿತ್ತು. ಹೊಟ್ಟೆ ತೊಳಸಿದರೆ ರಾತ್ರಿ ಮಲಗುವಾಗ ತಗೋ, ಮಾತ್ರೆಯ ಹಿಂದೆಮುಂದೆ ಒಂದೆರಡು ಗಂಟೆ ಚಹಾ, ಕಾಫಿ, ಹಾಲು ಬೇಡ, ಅವು ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ ಎಂದು ಈ ಸಲ ಬಿಡಿಸಿ ಹೇಳಿದೆ. 32ನೇ ವಾರಕ್ಕೆ 10.2 ಆಯಿತು.

ಮಾತ್ರೆ ಬಿಸಾಕುತ್ತಿದ್ದದ್ದನ್ನು ಅವಳು ಹೇಳಿದ ದಿನವೇ ನನಗೆ ಸ್ಪಷ್ಟವಾಯಿತು, ಈ ಹುಡುಗಿಯ ನಿಜವಾದ ಅಪಾಯ ಎಲ್ಲಿದೆ ಎಂದು. ಏನೇ ಆದರೂ ಬಾಯಿ ಬಿಡದೇ ಇರುವುದನ್ನು ಅವಳು ತಿಂಗಳುಗಟ್ಟಲೆ ಕಲಿತಿದ್ದಾಳೆ. ಇನ್ನು ಬರುವ ಬಿಪಿ ತೊಂದರೆ ಹಾಗೆ ಮುಚ್ಚಿಡುವಂಥದ್ದಲ್ಲ.

ಮೊದಲ ಬಸಿರಿನಲ್ಲಿ, ಅದರಲ್ಲೂ ತುಂಬ ಚಿಕ್ಕ ವಯಸ್ಸಿನಲ್ಲಿ, 20 ವಾರದ ನಂತರ ಬಿಪಿ ಏರುವ ಒಂದು ಕಾಯಿಲೆ ಬರುತ್ತದೆ. ಹೆಸರು ಪ್ರೀ-ಎಕ್ಲಾಂಪ್ಸಿಯಾ. ಹಳಬರು ನಂಜು ಎನ್ನುತ್ತಾರೆ. ಮಗುವಿಗೆ ರಕ್ತ ಒದಗಿಸುವ ಮಾಸು ಸರಿಯಾಗಿ ಬೇರೂರದೇ ಇದ್ದಾಗ ತಾಯಿಯ ರಕ್ತನಾಳಗಳೆಲ್ಲ ಬಿಗಿಯುತ್ತವೆ. ಮೂತ್ರದಲ್ಲಿ ಪ್ರೋಟೀನ್ ಹೋಗಲು ಶುರುವಾಗುತ್ತದೆ. ಕೈ ಮೀರಿದರೆ ಫಿಟ್ಸ್ ಬರುತ್ತದೆ. ಬಿಪಿ 140/90 ದಾಟಿತೆಂದರೆ ವೈದ್ಯರು ಕಿವಿ ನಿಮಿರಿಸುತ್ತಾರೆ, 160/110 ಎಂದರೆ ತುರ್ತು. ಇದರ ಕೆಟ್ಟ ಗುಣ ಏನೆಂದರೆ, ಮೊದಮೊದಲು ಏನೂ ಅನಿಸುವುದಿಲ್ಲ. ಅದಕ್ಕೇ ಪ್ರತಿ ಸಲವೂ ಬಿಪಿ ನೋಡುವುದು, ಮೂತ್ರ ಪರೀಕ್ಷೆ ಮಾಡುವುದು. "ಚೆನ್ನಾಗೇ ಇದಾಳಲ್ಲ, ಈ ಸಲ ಬೇಡ" ಅಂತ ಒಂದು ಭೇಟಿ ತಪ್ಪಿಸಿದರೆ ಅದೇ ಸಲ ಏರಿರಬಹುದು.

ಗಮನಿಸಬೇಕಾದ್ದನ್ನು ಅಮ್ಮನಿಗಲ್ಲ, ಅವಳಿಗೇ ಹೇಳಿ, ಅವಳ ಬಾಯಲ್ಲೇ ತಿರುಗಿ ಹೇಳಿಸಿದೆ. ಬಿಡದ ತಲೆನೋವು. ಕಣ್ಣು ಮಂಜಾಗುವುದು, ಕಣ್ಣೆದುರು ಮಿಂಚಿದ ಹಾಗೆ ಕಾಣುವುದು. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಮುಖ, ಕೈ ಇದ್ದಕ್ಕಿದ್ದ ಹಾಗೆ ಊದುವುದು. ಇದರ ಜೊತೆಗೆ ರಕ್ತ ಹೋಗುವುದು, ನೀರು ಹೋಗುವುದು, ಮಗು ಆಡುವುದು ಕಡಿಮೆ ಆಗುವುದು. ಇದರಲ್ಲಿ ಯಾವ ಒಂದು ಆದರೂ ಬೆಳಗಾಗಲಿ ಅಂತ ಕಾಯಬಾರದು. ಅಮ್ಮನಿಂದಲೂ ಒಂದು ಮಾತು ತೆಗೆದುಕೊಂಡೆ: ನಡುರಾತ್ರಿ ಎಬ್ಬಿಸಿದರೂ ಬೈಯುವ ಹಾಗಿಲ್ಲ, ಮೊದಲು ಆಸ್ಪತ್ರೆ.

ಇಷ್ಟೆಲ್ಲ ಆದ ಮೇಲೂ 33ನೇ ವಾರದಲ್ಲಿ ಅವಳು ಎರಡು ದಿನ ತಲೆನೋವು ಇಟ್ಟುಕೊಂಡಳು. ಆಮೇಲೆ ಕೇಳಿದಾಗ ಹೇಳಿದ್ದು: "ಅಪ್ಪ ಆ ವಾರಾನೇ ನನ್ನ ಜೊತೆ ಮಾತಾಡೋಕೆ ಶುರು ಮಾಡಿದ್ರು. ಮತ್ತೆ ಏನೋ ಒಂದು ತಂದಿಟ್ಟೆ ಅಂತ ಆಗ್ಬಾರ್ದಿತ್ತು." ಮೂರನೇ ಬೆಳಿಗ್ಗೆ ಅವಳ ರೆಪ್ಪೆ ಊದಿದ್ದನ್ನು ಕಂಡದ್ದು ಅಪ್ಪನೇ. ರಾತ್ರಿ ಅತ್ತಿದ್ದಾಳೆ ಎಂದುಕೊಂಡರಂತೆ. ಕಿರುಬೆರಳಿನ ಉಂಗುರ ಹೊರಗೆ ಬರದೇ ಸೋಪು ಹಚ್ಚುತ್ತಿದ್ದಾಳೆ ಎಂದು ಅಮ್ಮ ಹೇಳಿದ ಮೇಲೆ ಕರೆತಂದರು.

ಬಿಪಿ 148/96. ಮೂತ್ರದಲ್ಲಿ ಪ್ರೋಟೀನ್. ನಾಲ್ಕು ಗಂಟೆ ಬಿಟ್ಟು ನೋಡಿದರೂ ಇಳಿದಿರಲಿಲ್ಲ. ಅಡ್ಮಿಟ್ ಮಾಡಿಕೊಂಡರು. ಬಿಪಿಗೆ ಮಾತ್ರೆ ಶುರುವಾಯಿತು, ಯಕೃತ್ತು, ಮೂತ್ರಪಿಂಡ, ಪ್ಲೇಟ್‌ಲೆಟ್ ಪರೀಕ್ಷೆ ಆಯಿತು. ಮಗು ಬೇಗ ಬಂದರೆ ಶ್ವಾಸಕೋಶ ಸಿದ್ಧವಿರಲಿ ಎಂದು ಒಂದು ದಿನದ ಅಂತರದಲ್ಲಿ ಎರಡು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಅಪ್ಪ ಕೇಳಿದರು, ಮಾತ್ರೆ ಕೊಟ್ಟರೆ ಗುಣ ಆಗುತ್ತಲ್ವಾ ಎಂದು. ಇಲ್ಲ. ಮಾತ್ರೆ ಬಿಪಿಯನ್ನು ಹಿಡಿದಿಡುತ್ತದೆ ಅಷ್ಟೆ. ಮಗು, ಮಾಸು ಹೊರಗೆ ಬಂದ ಮೇಲೇ ಈ ಕಾಯಿಲೆ ಇಳಿಯುವುದು. ಪರಿಸ್ಥಿತಿ ಹತೋಟಿಯಲ್ಲಿದ್ದರೆ 37 ವಾರದವರೆಗೆ ಕಾಯುತ್ತಾರೆ, ಇಲ್ಲದಿದ್ದರೆ ಮುಂಚೆಯೇ ಹೆರಿಗೆ ಮಾಡಿಸುತ್ತಾರೆ.

ಇವಳ ಸರದಿ 35ನೇ ವಾರಕ್ಕೇ ಬಂತು. ರಾತ್ರಿ ಎರಡರ ಹೊತ್ತಿಗೆ ಎದ್ದು ಕೂತು ನರ್ಸನ್ನು ತಾನೇ ಕರೆದಳು: "ಸಿಸ್ಟರ್, ಕಣ್ಣಲ್ಲಿ ಮಿಂಚು ಹೊಡೀತಿದೆ." ಬಿಪಿ 166/112. ಫಿಟ್ಸ್ ಬರದ ಹಾಗೆ ಮೆಗ್ನೀಸಿಯಂ ಸಲ್ಫೇಟ್ ಶುರು ಮಾಡಿ, ಬಿಪಿ ಇಳಿಸಿ, ನೋವು ಬರಿಸಿದರು. ಮಾಮೂಲಿ ಹೆರಿಗೆಯೇ ಆಯಿತು. ಹೆಣ್ಣು ಮಗು, 2 ಕೆಜಿ 50 ಗ್ರಾಂ. ಎರಡೂವರೆ ಕೆಜಿಗಿಂತ ಕಡಿಮೆ ಇರುವ ಮಗು ಬೇಗ ತಣ್ಣಗಾಗುತ್ತದೆ, ಹಾಲು ಚೀಪುವಾಗ ಸುಸ್ತಾಗುತ್ತದೆ. ಬರಿ ಎದೆಯ ಮೇಲೆ ಮೈಗೆ ಮೈ ತಾಗಿಸಿ ಮಲಗಿಸಿಕೊಳ್ಳುವುದನ್ನು ನರ್ಸ್ ಕಲಿಸಿದರು. ಹುಡುಗಿಗಿಂತ, ಈಗ ಅಜ್ಜಿಯಾದ ಅವಳ ಅಮ್ಮನಿಗೆ ಇದು ಮೊದಲು ಒಗ್ಗಿತು ಅನ್ನಿ.

ಹೆರಿಗೆ ಆಯಿತು, ಕಂಟಕ ಕಳೆಯಿತು ಎಂದು ಮನೆಯವರು ಉಸಿರುಬಿಟ್ಟರು. ಅಲ್ಲಿಗೇ ನಾನು ಮತ್ತೆ ಅಡ್ಡ ಬಂದೆ. ಹೆರಿಗೆಯಾದ ಮೂರರಿಂದ ಆರನೇ ದಿನದ ಒಳಗೆ ಬಿಪಿ ಮತ್ತೆ ಏರಬಹುದು. ಫಿಟ್ಸ್ ಹೆರಿಗೆಯ ನಂತರವೂ ಬರಬಹುದು. ಹಾಗಾಗಿ ಮನೆಯಲ್ಲೇ ಬಿಪಿ ಯಂತ್ರ ಇಟ್ಟುಕೊಂಡು ನೋಡಿ ಬರೆಯಲು ಹೇಳಿದೆವು. ಐದು ನಿಮಿಷ ಸುಮ್ನೆ ಕೂತ ಮೇಲೇ ನೋಡಬೇಕು, ಮಗು ಅಳುತ್ತಿರುವಾಗ ಅಲ್ಲ. ಎರಡು ವಾರ ದಾಟಿದ ಮೇಲೂ ಅಳು ನಿಲ್ಲದಿದ್ದರೆ, ಮಗುವಿನ ಕಡೆ ನೋಡಲೂ ಮನಸ್ಸಾಗದಿದ್ದರೆ, ಸಾಯಬೇಕು ಅನಿಸಿದರೆ ಅದನ್ನು ಬಾಣಂತಿ ಹಟ ಎಂದು ತಳ್ಳಿಹಾಕಬೇಡಿ ಎಂದೆ. ಚಿಕ್ಕ ವಯಸ್ಸಿನ ತಾಯಂದಿರಲ್ಲಿ ಈ ಖಿನ್ನತೆ ಜಾಸ್ತಿ. ಅದಕ್ಕೂ ಚಿಕಿತ್ಸೆ ಇದೆ. ಸಾಯುವ ಮಾತು ಬಂದರೆ ಅದೇ ದಿನ ಕರೆತರಬೇಕು, ಒಬ್ಬಳನ್ನೇ ಬಿಡಬಾರದು.

ಗರ್ಭನಿರೋಧಕದ ಬಗ್ಗೆ ಮಾತೆತ್ತಿದಾಗ ಅಮ್ಮ "ಇನ್ನೇನು ಮೇಡಂ, ಮತ್ತೆ ಅದರ ಮಾತ್ಯಾಕೆ" ಎಂದು ಮುಖ ತಿರುಗಿಸಿದರು. ನಾನು ಬಿಡಲಿಲ್ಲ. ಮುಟ್ಟು ಮತ್ತೆ ಶುರುವಾಗುವ ಮೊದಲೇ ಮತ್ತೆ ಬಸಿರಾಗಬಹುದು. ಮೈ ಸುಧಾರಿಸಲು ಎರಡು ವರ್ಷವಾದರೂ ಬೇಕು. ಮುಂದೆ ಯಾವತ್ತಾದರೂ ಬಸುರಿಯಾದರೆ, ಹಿಂದೆ ಬಿಪಿ ಏರಿತ್ತು ಎಂದು ಮೊದಲ ಭೇಟಿಯಲ್ಲೇ ಹೇಳಬೇಕು. 12ನೇ ವಾರದಿಂದ ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡಲು ವೈದ್ಯರಿಗೆ ಅದು ಗೊತ್ತಿರಬೇಕಾಗುತ್ತದೆ.

ಹೆರಿಗೆಯಾದ ಐದನೇ ವಾರ ಫೋನ್ ಮಾಡಿದಳು. ರಾತ್ರಿ ನಾಲ್ಕು ಸಲ ಎದ್ದಿದ್ದೇನೆ, ತಲೆ ಸಿಡಿಯುತ್ತಿದೆ, ಇದು ನಿದ್ದೆಗೆಟ್ಟಿದ್ದಕ್ಕಾ, ಬಿಪಿಯಾ ಎಂದು ಕೇಳಿದಳು. ನನಗೆ ಹೇಗೆ ಗೊತ್ತಾಗಬೇಕು, ಮೊದಲು ನೋಡು ಎಂದೆ. ಯಂತ್ರ ಗುಂಯ್ ಎನ್ನುವುದು ಫೋನಿನಲ್ಲೇ ಕೇಳಿಸಿತು. 118/74. ಕಣ್ಣು ಸರಿ ಇತ್ತು, ಊತ ಇರಲಿಲ್ಲ. ಮಗುವನ್ನು ಅಪ್ಪನ ಕೈಗೆ ಕೊಟ್ಟು ಎರಡು ಗಂಟೆ ಮಲಗು, ಎದ್ದು ಮತ್ತೊಂದು ಸಲ ನೋಡು, ನೋವು ಹಾಗೇ ಇದ್ದರೆ ಬಂದುಬಿಡು ಎಂದೆ. ಮಧ್ಯಾಹ್ನ ಒಂದು ಮೆಸೇಜ್ ಬಂತು: 114/72, ನೋವು ಹೋಯ್ತು, ಅಪ್ಪನ ಅಂಗಿ ಮೇಲೆ ಮಗು ಸುಸ್ಸು ಮಾಡಿದೆ.