ಒಂದು ಕಣ್ಣು ಮುಚ್ಚಿಸದೆ ದೃಷ್ಟಿ ಅಳೆಯಬೇಡಿ

ಪ್ರಶ್ನೆ: ಕೆ.ಆರ್. ಪೇಟೆ ಕಡೆಯ ಒಂದು ಉಪಕೇಂದ್ರಕ್ಕೆ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಹೊಸದಾಗಿ ಬಂದಿದ್ದೇನೆ. ಶಾಲಾ ಮಕ್ಕಳು ಮತ್ತು ವಯಸ್ಸಾದವರಲ್ಲಿ ಚಿಕಿತ್ಸೆಯಿಲ್ಲದೆ ಉಳಿದ ಕಣ್ಣಿನ ತೊಂದರೆಗಳನ್ನು ಗುರುತಿಸುವುದು ಹೇಗೆಂದು ಆಶಾ ಕಾರ್ಯಕರ್ತೆಯರಿಗೆ ಒಂದು ಗಂಟೆ ಹೇಳಿಕೊಡಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮಂಡ್ಯ ಜಿಲ್ಲೆಯಲ್ಲಿ ನೇತ್ರಾಧಿಕಾರಿಯಾಗಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಇಂತಹ ತರಬೇತಿಯನ್ನು ಕಣ್ಣಿನ ಚಿತ್ರ ತೋರಿಸಿ ಭಾಗಗಳ ಹೆಸರು ಹೇಳುವುದರಿಂದ ಆರಂಭಿಸಬೇಡಿ. ಗೋಡೆಗೆ ಚಾರ್ಟ್ ಅಂಟಿಸಿ, ಬಂದವರೆಲ್ಲರೂ ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು ಮುಚ್ಚಿಕೊಂಡು ಓದಲಿ. ಮಳವಳ್ಳಿಯಲ್ಲಿ ಒಮ್ಮೆ ಹೀಗೆ ಮಾಡಿಸಿದಾಗ, ನಲವತ್ತು ದಾಟಿದ ಕಾರ್ಯಕರ್ತೆಯೊಬ್ಬರು ಬಲಗಣ್ಣು ಮುಚ್ಚಿದವರು ಹಾಗೆಯೇ ನಿಂತುಬಿಟ್ಟರು. ಎಡಗಣ್ಣಿಗೆ ಮೇಲಿನ ಎರಡು ಸಾಲು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅದು ಅವರಿಗೆ ಅಂದಿನವರೆಗೂ ತಿಳಿದಿರಲಿಲ್ಲ. ಆ ಹತ್ತು ನಿಮಿಷದಲ್ಲಿ ಉಳಿದವರಿಗೆ ಅರ್ಥವಾದದ್ದನ್ನು ನಾನು ಒಂದು ಗಂಟೆ ಮಾತನಾಡಿದರೂ ಅರ್ಥ ಮಾಡಿಸಲಾಗುತ್ತಿರಲಿಲ್ಲ.

ಒಳ್ಳೆಯ ಕಣ್ಣು ಕೆಟ್ಟ ಕಣ್ಣನ್ನು ಮರೆಮಾಡುತ್ತದೆ. ಮಗುವಿನಲ್ಲೂ ಅಷ್ಟೇ, ಅಜ್ಜಿಯಲ್ಲೂ ಅಷ್ಟೇ. ಒಂದು ಕಣ್ಣು ಚೆನ್ನಾಗಿದ್ದರೆ ನಡೆಯುವುದು, ಬರೆಯುವುದು, ಅಡುಗೆ ಎಲ್ಲವೂ ಸಾಗುತ್ತದೆ. ಆದ್ದರಿಂದ ‘ಕಣ್ಣು ಕಾಣುತ್ತದೆಯೇ?’ ಎಂದು ಬಾಯಿಮಾತಿನಲ್ಲಿ ಕೇಳಿದರೆ ಪ್ರಯೋಜನವಿಲ್ಲ, ಅಳೆಯಲೇಬೇಕು.

ಅಳೆಯಲು ಬೇಕಾದದ್ದು ಆರು ಮೀಟರ್ ಹಗ್ಗ ಮತ್ತು ‘ಇ’ ಅಕ್ಷರ ನಾಲ್ಕು ದಿಕ್ಕಿಗೂ ತಿರುಗಿರುವ ಚಾರ್ಟ್. ಓದು ಬಾರದವರೂ ಅಕ್ಷರದ ಬಾಯಿ ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಬಹುದು. ಮನೆಯ ಜಗುಲಿ ಆರು ಮೀಟರ್ ಇರುವುದಿಲ್ಲ, ಶಾಲೆಯ ಮೊಗಸಾಲೆಯೋ ದೇವಸ್ಥಾನದ ಅಂಗಳವೋ ಆಗುತ್ತದೆ. ಚಾರ್ಟಿನ ಮೇಲೆ ಚೆನ್ನಾಗಿ ಬೆಳಕು ಬೀಳಬೇಕು, ಅದರ ಹಿಂದೆ ಬಿಸಿಲು ಇರಬಾರದು. ಮಕ್ಕಳಿಗೆ 6/9 ಸಾಲು ಸಾಕು, ಅಂದರೆ ಸರಿಯಾದ ಕಣ್ಣಿಗೆ ಒಂಬತ್ತು ಮೀಟರಿನಿಂದ ಕಾಣುವ ಸಾಲನ್ನು ಆರು ಮೀಟರಿನಿಂದ ತೋರಿಸಬೇಕು. ಅದರ ಅಕ್ಷರ ಸುಮಾರು 13 ಮಿಲಿಮೀಟರ್ ಎತ್ತರವಿರುತ್ತದೆ. ವಯಸ್ಸಾದವರಿಗೆ 6/18, ಅಂದರೆ ಅದರ ಎರಡರಷ್ಟು, ಸುಮಾರು 26 ಮಿಲಿಮೀಟರ್. ಐದರಲ್ಲಿ ನಾಲ್ಕನ್ನು ಸರಿಯಾಗಿ ತೋರಿಸದಿದ್ದರೆ ಆ ಕಣ್ಣನ್ನು ತಜ್ಞರಿಗೆ ತೋರಿಸಬೇಕು, ಇನ್ನೊಂದು ಕಣ್ಣು ಎಷ್ಟೇ ಚೆನ್ನಾಗಿದ್ದರೂ.

ತಪ್ಪಾಗುವುದು ಹೆಚ್ಚಾಗಿ ಕಣ್ಣು ಮುಚ್ಚುವುದರಲ್ಲಿ. ಮಕ್ಕಳು ಬೆರಳುಗಳಿಂದ ಮುಚ್ಚಿಕೊಂಡು ಸಂದಿಯಲ್ಲಿ ನೋಡುತ್ತಾರೆ. ಗಟ್ಟಿಯಾಗಿ ಒತ್ತಿಕೊಂಡರೆ ಕೈ ತೆಗೆದ ಮೇಲೆ ಆ ಕಣ್ಣು ಸ್ವಲ್ಪ ಹೊತ್ತು ಮಬ್ಬಾಗಿ, ಸರಿಯಿರುವ ಕಣ್ಣೂ ಸೋತಂತೆ ಕಾಣುತ್ತದೆ. ಅಂಗೈಯನ್ನು ಬಟ್ಟಲಿನಂತೆ ಮಾಡಿ, ಒತ್ತದೆ ಮುಚ್ಚಬೇಕು. ಪಕ್ಕದಲ್ಲಿ ಒಬ್ಬರು ನಿಂತು ಬರೀ ಕೈಯನ್ನೇ ಗಮನಿಸುತ್ತಿರಲಿ.

ಒಂದು ಮಗುವಿನ ವಿಷಯ ಹೇಳುತ್ತೇನೆ. ಎರಡನೆಯ ತರಗತಿ, ಏಳು ವರ್ಷ, ಓದಿನಲ್ಲಿ ತರಗತಿಗೇ ಮುಂದು. ಎಡಗಣ್ಣು ಮುಚ್ಚಿದಾಗ ಪಟಪಟನೆ 6/6 ಸಾಲಿನವರೆಗೂ ತೋರಿಸಿದಳು. ಬಲಗಣ್ಣು ಮುಚ್ಚಿದ ಕೂಡಲೇ ಕತ್ತು ಓರೆಯಾಯಿತು, ಕೈ ಮೆಲ್ಲಗೆ ಜಾರಿತು. ಕೈಯನ್ನು ಸರಿಪಡಿಸಿದರೆ ‘ಸಾಕು ಸರ್’ ಎಂದಳು. ಈ ಚಡಪಡಿಕೆಯೇ ದೊಡ್ಡ ಸುಳಿವು: ಒಳ್ಳೆಯ ಕಣ್ಣನ್ನು ಮುಚ್ಚಿದಾಗ ಮಾತ್ರ ಮಗು ಗಲಿಬಿಲಿಗೊಳ್ಳುತ್ತದೆ. ಎಡಗಣ್ಣಿನ ಅಳತೆ 6/24. ಕಣ್ಣಿಗೆ ಡ್ರಾಪ್ಸ್ ಹಾಕಿ ಪರೀಕ್ಷಿಸಿದಾಗ ಆ ಕಣ್ಣಿಗೆ ದೊಡ್ಡ ಪ್ಲಸ್ ಪವರ್ ಇರುವುದು ಗೊತ್ತಾಯಿತು. ಹುಟ್ಟಿನಿಂದ ಅಲ್ಲಿಂದ ಮಬ್ಬು ಚಿತ್ರವೇ ಹೋಗುತ್ತಿದ್ದುದರಿಂದ ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟಿತ್ತು. ಇದನ್ನೇ ಸೋಮಾರಿ ಕಣ್ಣು ಎನ್ನುತ್ತೇವೆ. ಕನ್ನಡಕ ಹಾಕಿಸಿ, ದಿನಕ್ಕೆ ಎರಡು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿಸಿದೆವು. ಕೆಲವು ತಿಂಗಳಲ್ಲಿ ಅದು 6/12ಕ್ಕೆ ಬಂತು. ಇದೇ ಮಗು ಹೈಸ್ಕೂಲಿನಲ್ಲಿ ಸಿಕ್ಕಿದ್ದರೆ ಇಷ್ಟು ಫಲ ಸಿಗುವುದು ಕಷ್ಟವಿತ್ತು. ಮೆದುಳು ಬಾಗುವ ವಯಸ್ಸು ಏಳೆಂಟು ವರ್ಷದವರೆಗೇ ಹೆಚ್ಚು.

ಇಲ್ಲಿ ಒಂದು ಸೂಕ್ಷ್ಮವಿದೆ. ಸೋಮಾರಿ ಕಣ್ಣಿಗೆ ಒಂಟಿ ಅಕ್ಷರ ಕಂಡರೂ ಸಾಲಿನಲ್ಲಿ ಒತ್ತಾಗಿರುವ ಅಕ್ಷರಗಳು ಕಲಸಿಹೋಗುತ್ತವೆ. ಹಾಗಾಗಿ ಮಕ್ಕಳಿಗೆ ಒಂದೊಂದೇ ಅಕ್ಷರದ ಕಾರ್ಡ್ ಹಿಡಿದು ತೋರಿಸಬೇಡಿ, ಇಡೀ ಸಾಲನ್ನೇ ತೋರಿಸಿ. ವಯಸ್ಸಾದವರಿಗೆ ಕಾರ್ಡ್ ಸಾಕು. ಇನ್ನು, ಮೆಳ್ಳಗಣ್ಣು ಅದೃಷ್ಟವೆಂದು ಸುಮ್ಮನಿರುವ ಮನೆಗಳು ಇನ್ನೂ ಇವೆ. ಆ ಮಗುವನ್ನು ಅಳತೆಗೂ ಕಾಯದೆ ಕಳಿಸಿ. ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ಅದೇ ವಾರ ಕಳಿಸಿ, ಅದು ಕಣ್ಣಿನ ಕ್ಯಾನ್ಸರ್ ಕೂಡ ಆಗಿರಬಹುದು.

ವಯಸ್ಸಾದವರ ಮನೆಗೆ ಹೋದಾಗ ‘ನನಗೇನಾಗಿದೆ ಮಗಳೇ, ಕನ್ನಡಕವಿಲ್ಲದೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತೇನೆ’ ಎಂದು ಅಜ್ಜಿ ಹೇಳಿದರೆ ಸಂತೋಷಪಟ್ಟು ಎದ್ದು ಬರಬೇಡಿ. ಮೊದಲು ಹತ್ತಿರಕ್ಕೆ ಕನ್ನಡಕ ಬೇಕಾಗಿದ್ದವರಿಗೆ ಇದ್ದಕ್ಕಿದ್ದಂತೆ ಅದು ಬೇಡವಾದರೆ, ಕಣ್ಣಿನೊಳಗಿನ ಮಸೂರದ ನಡುಭಾಗದಲ್ಲಿ ಪೊರೆ ಬೆಳೆಯುತ್ತಿರಬಹುದು. ಆಗ ಹತ್ತಿರದ್ದು ಚುರುಕಾಗಿ ಕಂಡು, ಬೀದಿಯಲ್ಲಿ ಬರುವವರ ಮುಖ ಮಬ್ಬಾಗುತ್ತದೆ. ಆರು ಮೀಟರ್ ದೂರ ನಿಲ್ಲಿಸಿದರೆ ಸತ್ಯ ಹೊರಬೀಳುತ್ತದೆ. ದೂರದ ಕನ್ನಡಕವಿದ್ದರೆ ಹಾಕಿಸಿಯೇ ಅಳೆಯಿರಿ, ಓದುವ ಕನ್ನಡಕವಾದರೆ ತೆಗೆಸಿ. ‘ಪೊರೆ ಇನ್ನೂ ಬಲಿಯಲಿ’ ಎನ್ನುವ ಮಾತು ಹಳೆಯ ಕಾಲದ ಶಸ್ತ್ರಚಿಕಿತ್ಸೆಯದು. ಈಗ ಕಾಯುವ ಅಗತ್ಯವಿಲ್ಲ. ಅತಿಯಾಗಿ ಬಲಿತ ಪೊರೆಯಿಂದ ಕಣ್ಣಿನ ಒತ್ತಡ ಏರಿ ವಿಪರೀತ ನೋವು, ಕೆಂಪು, ವಾಂತಿ ಬಂದು ದೃಷ್ಟಿಯೇ ಹೋಗಬಹುದು.

ಟಾರ್ಚ್ ಬಿಟ್ಟು ನೋಡುವುದನ್ನು ಕಲಿಸಿ, ಆದರೆ ಅದನ್ನೇ ನಂಬಬಾರದೆಂದೂ ಹೇಳಿ. ಸೇವೆಯ ಆರಂಭದಲ್ಲಿ ಪಾಂಡವಪುರ ತಾಲ್ಲೂಕಿನ ಶಿಬಿರವೊಂದರಲ್ಲಿ ಒಬ್ಬ ಯಜಮಾನರ ಪಾಪೆಗಳಿಗೆ ಬೆಳಕು ಬಿಟ್ಟು, ಕಪ್ಪಗೆ ಸ್ವಚ್ಛವಾಗಿವೆ, ಪೊರೆಯಿಲ್ಲ ಎಂದು ಕಳಿಸಿಬಿಟ್ಟೆ. ಎರಡೂ ಕಣ್ಣು ತೆರೆಸಿಯೇ ಚಾರ್ಟ್ ಓದಿಸಿದ್ದೆ. ಕಾಯುವವರ ಸಾಲು ಉದ್ದವಿತ್ತು, ನನಗೆ ಆತುರ. ಎರಡು ವರ್ಷದ ನಂತರ ಅವರನ್ನು ಮಗ ಕೈಹಿಡಿದು ಕರೆತಂದ. ಗ್ಲಾಕೋಮಾ. ಒಂದು ಕಣ್ಣು ಆಗಲೇ ಹೋಗಿದ್ದಿರಬೇಕು, ಈಗ ಇನ್ನೊಂದೂ ಹೋಗಿತ್ತು. ಆ ರೋಗದಲ್ಲಿ ನರಕ್ಕೆ ಆದ ಹಾನಿ ಮರಳಿ ಬರುವುದಿಲ್ಲ, ಔಷಧಿ ಉಳಿದದ್ದನ್ನು ಕಾಪಾಡುತ್ತದೆ ಅಷ್ಟೇ. ಅಂದು ಒಂದು ಕಣ್ಣು ಮುಚ್ಚಿಸಿದ್ದರೆ ಬಹುಶಃ ಸಿಕ್ಕಿಬೀಳುತ್ತಿತ್ತು. ಬಿಳಿ ಕಾಣಲಿ, ಕಪ್ಪು ಕಾಣಲಿ, ಯಾವುದೇ ಒಂದು ಕಣ್ಣು 6/18 ತೋರಿಸಲಾರದಿದ್ದರೆ ಕಳಿಸಲೇಬೇಕು ಎಂದು ಆಮೇಲಿನ ಪ್ರತಿ ತರಬೇತಿಯಲ್ಲೂ ಹೇಳಿದ್ದೇನೆ.

ಈ ಅಳತೆಗೂ ಮಿತಿಯಿದೆ. ಗ್ಲಾಕೋಮಾ ಮೊದಲು ಪಕ್ಕದ ನೋಟವನ್ನು ತಿನ್ನುವುದರಿಂದ ಚಾರ್ಟಿನಲ್ಲಿ ತಡವಾಗಿಯೇ ಕಾಣುತ್ತದೆ. ಮನೆಯಲ್ಲಿ ಯಾರಿಗಾದರೂ ಅದು ಇದ್ದರೆ, ನಲವತ್ತು ದಾಟಿದ ರಕ್ತಸಂಬಂಧಿಗಳನ್ನೆಲ್ಲ ಕಳಿಸಿ. ಸಕ್ಕರೆ ಕಾಯಿಲೆಯವರಿಗೆ ಚಾರ್ಟ್ ಪೂರ್ತಿ ಓದಲು ಬಂದರೂ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಬೇಕು. ಕೊಯ್ಲಿನಲ್ಲಿ ಭತ್ತದ ಹೊಟ್ಟೋ ಕಬ್ಬಿನ ಗರಿಯೋ ತಗುಲಿ ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅಂದೇ ಕಳಿಸಿ. ಹರಳೆಣ್ಣೆಯಾಗಲಿ ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಆಗಲಿ ಬೇಡ.

ಪುಸ್ತಕದಲ್ಲಿ ‘ದೃಷ್ಟಿ ಸರಿಯಿಲ್ಲ’ ಎಂದು ಬರೆಸಬೇಡಿ. ಬಲ, ಎಡ ಎಂದು ಎರಡು ಕಾಲಂ ಹಾಕಿಸಿ. ಮೂರನೆಯ ಕಾಲಂ ಹದಿನೈದು ದಿನದ ನಂತರದ ಭೇಟಿಗೆ: ಹೋದರೇ, ಹೋಗದಿದ್ದರೆ ಏಕೆ. ‘ಕಟಾವು ಮುಗಿಯಲಿ’, ‘ಜೊತೆಗೆ ಬರುವವರಿಲ್ಲ’ ಎಂಬ ಉತ್ತರಗಳೇ ಹೆಚ್ಚು ಬರುತ್ತವೆ. ಒಂದೇ ಊರಿನ ಮೂವರು ಅಜ್ಜಿಯರಿದ್ದರೆ ಒಂದೇ ದಿನ, ಒಬ್ಬರ ಮಗನ ಜೊತೆ ಕಳಿಸುವ ಏರ್ಪಾಡು ಮಾಡಬಹುದು.