ಉಗ್ರಾಣದಲ್ಲಿ ಸಂಸಾರ

*ಮೈಸೂರಿನಲ್ಲಿ ಬೆಳೆದವಳು ನಾನು. ವೈಶಾಖದಲ್ಲಿ ಮದುವೆಯಾಗಿ ಮದ್ದೂರಿನ ಹತ್ತಿರದ ಹಳ್ಳಿಗೆ ಹೋದೆ. ಮನೆಯಲ್ಲಿ ಎಂಟು ಜನ. ನಮ್ಮ ಕೋಣೆಗೆ ಒಳಗಿನಿಂದ ಚಿಲಕವೇ ಇಲ್ಲ, ಹೊರಗೆ ಮಾತ್ರ ಇದೆ. ಬೆಳಗಿನ ಜಾವ ಐದೂವರೆಗೆ ಅತ್ತೆ ಬೀರು ತೆಗೆಯಲು ಬರುತ್ತಾರೆ, ಆಮೇಲೆ ಓರಗಿತ್ತಿ ರಾಗಿ ಹಿಟ್ಟಿಗೆ. ನಾದಿನಿ ನನ್ನ ಫೋನ್ ತೆಗೆದು ನೋಡುತ್ತಾಳೆ. ತಲೆಗೆ ನೀರು ಹಾಕಿಕೊಂಡರೆ ‘ಈ ತಿಂಗಳೂ ವಿಶೇಷ ಇಲ್ವಾ’ ಎಂಬ ಪ್ರಶ್ನೆ. ಇವರಿಗೆ ಹೇಳಿದರೆ ‘ಅಡ್ಜಸ್ಟ್ ಮಾಡ್ಕೊ’ ಅಂತಾರೆ. ಆಷಾಢಕ್ಕೆ ತವರಿಗೆ ಬಂದಿದ್ದೇನೆ, ವಾಪಸು ಹೋಗಲು ಮನಸ್ಸಿಲ್ಲ. ಏನು ಮಾಡಲಿ?*
— ಹೆಸರು ಬೇಡ, ಮೈಸೂರು

ನಿಮ್ಮ ಕಾಗದ ಓದುವಾಗ ನನ್ನ ಕಣ್ಣು ನಿಂತದ್ದು ಆ ಚಿಲಕದ ಮೇಲೆ. ಹೊರಗಡೆ ಮಾತ್ರ ಚಿಲಕ ಇಡುವುದು ಉಗ್ರಾಣಕ್ಕೆ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಗಂಡಸರು ಜಗಲಿ, ಹಜಾರದಲ್ಲಿ ಮಲಗುತ್ತಿದ್ದರು, ಹೆಂಗಸರು ಮಕ್ಕಳು ನಡುಮನೆಯಲ್ಲಿ. ಬಾಗಿಲಿದ್ದ ಕೋಣೆ ರಾಗಿಗೆ, ಬೆಲ್ಲಕ್ಕೆ, ಪಾತ್ರೆಗೆ. ಮಗನ ಮದುವೆಯಾದಾಗ ಅದರಲ್ಲೇ ಒಂದು ಮೂಲೆ ಖಾಲಿ ಮಾಡಿ ಮಂಚ ಹಾಕಿಕೊಡುತ್ತಾರೆ. ನನಗೂ ಹಾಗೇ ಹಾಕಿಕೊಟ್ಟಿದ್ದರು, ತಲೆದೆಸೆಯಲ್ಲೇ ಹುಣಸೆಹಣ್ಣಿನ ಮಡಕೆ! ಅತ್ತೆ ಒಳಗೆ ಬಂದಾಗಲೆಲ್ಲ ನನ್ನನ್ನು ಕಾಯುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಬರುತ್ತಿದ್ದದ್ದು ಸಾರಿಗೆ ಹುಳಿ ಬೇಕೆಂದು.

ಆದ್ದರಿಂದ ‘ನಮ್ಮ ಕೋಣೆಗೆ ಬರಬೇಡಿ’ ಎಂದು ಹೇಳಿಸಬೇಡಿ, ಆ ಮಾತಿಗೆ ಅರ್ಥ ನೂರಾಗುತ್ತದೆ. ಅವರು ಯಾತಕ್ಕೆ ಬರುತ್ತಾರೋ ಅದು ಕೋಣೆಯಿಂದ ಆಚೆ ಹೋಗಲಿ. ಐದೂವರೆಗೆ ಬೀರು ತೆಗೆಯುವುದೆಂದರೆ ಹೆಚ್ಚಾಗಿ ಡೇರಿಗೆ ಹಾಲು ಹಾಕುವ ಪುಸ್ತಕಕ್ಕಿರಬೇಕು, ಇಲ್ಲವೇ ಚಿಲ್ಲರೆ ದುಡ್ಡಿಗೆ. ಹಾಗಿದ್ದರೆ ದೇವರ ಗೂಡಿನ ಪಕ್ಕ ಒಂದು ಮೊಳೆ, ಒಂದು ಚಿಕ್ಕ ಡಬ್ಬಿ ಸಾಕು. ಹಿಟ್ಟಿನ ಡ್ರಮ್ ಅಡುಗೆಮನೆಯ ಮೂಲೆ ಸೇರಲಿ. ಬೀರುವನ್ನು ಮಾತ್ರ ಅವಸರಪಟ್ಟು ಎಳೆಸಬೇಡಿ. ಮನೆಯ ಒಡವೆ, ಪತ್ರ ಅದರಲ್ಲಿರುತ್ತವೆ. ಬಂದು ಎರಡು ತಿಂಗಳಾದ ಸೊಸೆ ಅದನ್ನು ಜರುಗಿಸಿದರೆ ಅತ್ತೆಗೆ ಯಜಮಾನಿಕೆಯೇ ಜರುಗಿದ ಹಾಗೆ. ದಿನಕ್ಕೆರಡು ಸಲ ತೆಗೆಯುತ್ತಿದ್ದ ಬೀರು ವಾರಕ್ಕೊಂದು ಸಲ ತೆಗೆಯುವಂತಾದರೆ ಅದು ಅಲ್ಲೇ ನಿಂತಿರಲಿ ಬಿಡಿ.

ಇದೆಲ್ಲ ನಡೆಯಬೇಕಾದದ್ದು ಈ ಆಷಾಢದಲ್ಲೇ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂಬ ಶಾಸ್ತ್ರ ನಿಮಗೆ ಒಂದು ತಿಂಗಳು ಕೊಟ್ಟಿದೆ. ನೀವಿಲ್ಲದಾಗ ನಿಮ್ಮವರೇ ಸುಣ್ಣ ಬಳಿಸುವ ನೆಪದಲ್ಲಿ ಸಾಮಾನು ತೆಗೆಸಿ, ಬಡಗಿಯನ್ನು ಕರೆದು ಒಳಗೊಂದು ಚಿಲಕ ಹಾಕಿಸಲಿ. ಕೇಳಿದವರಿಗೆ ‘ಸೀರೆ ಉಡೋವಾಗ ಅವಳಿಗೆ ಕಷ್ಟ ಕಣವ್ವಾ, ನಾನೇ ಹಾಕಿಸ್ದೆ’ ಅಂದರೆ ಸಾಕು. ನೀವು ಹೋದ ಮೇಲೆ ಅದೇ ಚಿಲಕ ಬಿದ್ದರೆ ‘ಬಂದು ನಾಲ್ಕು ದಿನ ಆಗಿಲ್ಲ, ಮಗನ್ನ ಒಳಗೆ ಹಾಕ್ಕೊಂಡ್ಳು’ ಎಂದು ಬೀದಿಯೆಲ್ಲ ಆಗುತ್ತದೆ. ಭೀಮನ ಅಮಾವಾಸ್ಯೆಗೆ ನೀವು ಅವರ ಪಾದಪೂಜೆ ಮಾಡುತ್ತೀರಲ್ಲ, ಅದಕ್ಕೆ ಮುಂಚೆ ಇಷ್ಟಾದರೂ ಅವರ ಕೈಯಲ್ಲಿ ಆಗಲಿ. ಫೋನಿನಲ್ಲಿ ಹೇಳಬೇಡಿ, ಅಲ್ಲಿ ಹಜಾರವೆಲ್ಲ ಕೇಳಿಸಿಕೊಳ್ಳುತ್ತದೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಹೊಸ ಅಳಿಯಂದಿರು ‘ಅಕಸ್ಮಾತ್’ ಸಿಗುವುದು ಹೊಸದೇನಲ್ಲ. ಕ್ಯೂ ಉದ್ದವಾಗಿರುತ್ತದೆ, ಮಾತಾಡಲು ಬೇಕಾದಷ್ಟು ಹೊತ್ತು.

ವಿಶೇಷದ ಪ್ರಶ್ನೆಗೂ ಉತ್ತರ ಕೊಡಬೇಕಾದವರು ಅವರೇ. ‘ಇದ್ದಾಗ ನಾವೇ ಹೇಳ್ತೀವಿ’ ಎಂದು ಮಗ ಒಂದು ಸಲ ಗಟ್ಟಿಯಾಗಿ ಅಂದರೆ ನಿಮ್ಮ ಒದ್ದೆ ತಲೆಯ ಲೆಕ್ಕ ಇಡುವುದು ಕಮ್ಮಿಯಾಗುತ್ತದೆ. ನೀವು ಅಂದರೆ ಎದುರುತ್ತರವಾಗುತ್ತದೆ. ನ್ಯಾಯವಲ್ಲ, ಆದರೆ ಸದ್ಯಕ್ಕೆ ಮನೆಗಳು ನಡೆಯುತ್ತಿರುವುದು ಹೀಗೆ. ನಾದಿನಿಯದು ಬಹುಶಃ ಕುತೂಹಲ. ಫೋನಿಗೆ ಲಾಕ್ ಹಾಕಿ, ಮದುವೆಯ ಫೋಟೋಗಳನ್ನು ನೀವೇ ಕೂರಿಸಿಕೊಂಡು ತೋರಿಸಿ.

ಶ್ರಾವಣದಲ್ಲಿ ಹಿಂದಿರುಗಿದ ಮೇಲೆ ಹದಿನೈದು ದಿನ ಸುಮ್ಮನೆ ಗಮನಿಸಿ. ಹೊರಗಿನಿಂದಲೇ ‘ಏನವ್ವಾ, ಎದ್ದಿದ್ದೀಯಾ’ ಎಂದು ಕೂಗಿ ಬಂದರೆ ಇಷ್ಟು ದಿನದ್ದು ಬರೀ ರೂಢಿ. ಮೊದಮೊದಲು ಮರೆತು ಬಾಗಿಲು ತಳ್ಳಿದರೂ ತಪ್ಪು ತಿಳಿಯಬೇಡಿ, ಮೂವತ್ತು ವರ್ಷದ ಕೈ ಅದು. ಆದರೆ ಒಳಗಿನ ಚಿಲಕವನ್ನೇ ಕಿತ್ತರೆ, ತೆಗೆದ ಸಾಮಾನು ಒಂದೊಂದಾಗಿ ವಾಪಸು ಬಂದರೆ, ಫೋನ್ ಕಿತ್ತಿಟ್ಟುಕೊಂಡರೆ, ತವರಿಗೆ ಮಾತಾಡಲು ಬಿಡದಿದ್ದರೆ, ನಿಮ್ಮ ಒಡವೆ ಕೇಳಿದಾಗ ಕೊಡದಿದ್ದರೆ, ಅದು ಜಾಗದ ತೊಂದರೆಯಲ್ಲ. ಆಗ ಅಡ್ಜಸ್ಟ್ ಮಾಡಿಕೊಳ್ಳುತ್ತಾ ಕೂರಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತವನ್ನಷ್ಟೇ ಹೇಳುವುದಿಲ್ಲ, ಮಾತಿನ ಹಿಂಸೆ, ಒಡವೆ ದುಡ್ಡು ಹಿಡಿದಿಟ್ಟುಕೊಳ್ಳುವುದೂ ಅದರೊಳಗೆ ಬರುತ್ತದೆ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ನಿಮಗಿದೆ. 181ಕ್ಕೆ ಫೋನ್ ಮಾಡಿದರೆ ಮುಂದಿನ ದಾರಿ ಹೇಳುತ್ತಾರೆ.

ಅಂದ ಹಾಗೆ, ಬಡಗಿ ಬಂದಾಗ ಹೊರಗಿನ ಚಿಲಕವನ್ನು ಕಳಚಿಬಿಡಲು ಹೇಳಿ. ರಾಗಿ ಆಚೆ ಹೋದ ಮೇಲೆ ಅದಕ್ಕೆ ಅಲ್ಲಿ ಕೆಲಸವಿಲ್ಲ.