ಎಷ್ಟು ಪರ್ಸೆಂಟ್ ಬರುತ್ತೆ ಅಂತ ಮೊದಲೇ ಕೇಳಬೇಡಿ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿ ಎಂಜಿನಿಯರ್ ಆಗಿದ್ದೇನೆ ಸರ್. ರಿಜೆಕ್ಷನ್ ಜಾಸ್ತಿ ಆಗಿದೆ, ಡೇಟಾ ಸೈನ್ಸ್ ಹಚ್ಚಿ ಕಡಿಮೆ ಮಾಡು ಅಂತ ಮಾಲಕರು ಹೇಳಿದ್ದಾರೆ. ಎಷ್ಟು ತಿಂಗಳು ಬೇಕು, ಎಷ್ಟು ಅಕ್ಯುರೆಸಿ ಬರುತ್ತೆ ಅಂತ ಸೋಮವಾರ ಹೇಳಬೇಕು. ಕ್ರಿಸ್ಪ್-ಡಿಎಂ ಪ್ರಕಾರ ಪ್ಲ್ಯಾನ್ ಹೇಗೆ ಮಾಡಲಿ?

ಸೋಮವಾರ ಆ ಎರಡನ್ನೂ ಹೇಳಬೇಡಿ. ಹೇಳಿದರೆ ಅದು ಬಿತ್ತುವ ಮೊದಲೇ ರಾಶಿ ಅಳೆದಂತೆ. ಇದೇ ಪ್ರಶ್ನೆ ಫೌಂಡ್ರಿಯಿಂದ, ಸಕ್ಕರೆ ಕಾರ್ಖಾನೆಯಿಂದ, ಬ್ಯಾಂಕಿನಿಂದ ಬರುತ್ತಲೇ ಇರುತ್ತೆ, ನನಗೂ ಸಾಕಾಗಿದೆ. ಕ್ರಿಸ್ಪ್-ಡಿಎಂ ಅಂದರೆ ಡೇಟಾ ಪ್ರಾಜೆಕ್ಟನ್ನು ಆರು ಹಂತಗಳಲ್ಲಿ ನಡೆಸುವ ವಿಧಾನ. ಆ ಹಂತಗಳ ಹೆಸರು ನಿಮಗೆ ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ಮಾಲಕರಿಗೆ ನೀವು ಕೊಡಬಹುದಾದದ್ದು ಒಂದೇ: ಮುಂದಿನ ಚೆಕ್‌ಪಾಯಿಂಟ್‌ನ ತಾರೀಖು, ಅವತ್ತು ಏನು ನೋಡುತ್ತೇವೆ, ಮತ್ತು ಏನು ಕಂಡರೆ ಕೆಲಸ ನಿಲ್ಲಿಸುತ್ತೇವೆ. ನಿಲ್ಲಿಸುವ ಷರತ್ತನ್ನು ಡೇಟಾ ತೆರೆಯುವ ಮೊದಲೇ ಬರೆದಿಡಿ. ಆಮೇಲೆ ಬರೆದರೆ ಬಂದ ರಿಸಲ್ಟ್‌ಗೆ ತಕ್ಕಂತೆ ಷರತ್ತು ಬಗ್ಗುತ್ತೆ, ಎಲ್ಲರೂ ಹಾಗೇ ಮಾಡುತ್ತಾರೆ.

ಮೊದಲ ಹಂತ ಬಿಸಿನೆಸ್ ಅರ್ಥ ಮಾಡಿಕೊಳ್ಳುವುದು. ಇದಕ್ಕೆ ಒಂದು ವಾರ ಸಾಕು, ಆದರೆ ಆ ವಾರ ಕಂಪ್ಯೂಟರ್ ಮುಂದೆ ಕೂರಬೇಡಿ. 'ರಿಜೆಕ್ಷನ್' ಅನ್ನುವುದು ಒಂದು ಸಮಸ್ಯೆ ಅಲ್ಲ. ಬ್ಲೋ ಹೋಲ್, ಅಂದರೆ ಗ್ಯಾಸ್ ಸಿಕ್ಕಿಕೊಂಡು ಎರಕದಲ್ಲಿ ಆಗುವ ತೂತು, ಬರುವುದು ಹೆಚ್ಚಾಗಿ ಮರಳಿನ ತೇವ ಅಥವಾ ಕೋರ್‌ನ ಗ್ಯಾಸ್‌ನಿಂದ. ಕೋಲ್ಡ್ ಶಟ್ ಬರುವುದು ಲೋಹ ತಣ್ಣಗಾದಾಗ. ಶ್ರಿಂಕೇಜ್ ಬಹಳ ಸಲ ಗೇಟಿಂಗ್, ರೈಸರ್ ಡಿಸೈನ್‌ನಲ್ಲೇ ಕೂತಿರುತ್ತೆ. ಅದು ನಿಮ್ಮ ಶಿಫ್ಟ್ ರಿಜಿಸ್ಟರ್‌ನಲ್ಲಿ ಕಾಣುವುದೇ ಇಲ್ಲ, ಯಾವ ಮಾಡೆಲ್ ತಂದರೂ ಕಾಣಲ್ಲ. ಹಾಗಾಗಿ ಒಂದು ಐಟಂ, ಒಂದು ಡಿಫೆಕ್ಟ್ ಆರಿಸಿ. ನಾನಾದರೆ ಬ್ಲೋ ಹೋಲ್ ಆರಿಸುತ್ತೇನೆ. ಯಾಕೆಂದರೆ ಮರಳಿನ ನೀರು ಹೆಚ್ಚು ಕಡಿಮೆ ಮಾಡುವುದು ಸ್ಯಾಂಡ್ ಪ್ಲಾಂಟ್ ಸೂಪರ್‌ವೈಸರ್ ಕೈಯಲ್ಲೇ ಇದೆ. ಮಾಡೆಲ್ ಏನು ಹೇಳಿದರೂ ಕೊನೆಗೆ ಒಬ್ಬ ಮನುಷ್ಯ ಏನಾದರೂ ಬೇರೆ ಮಾಡಬೇಕಲ್ವಾ? ಆ ಮನುಷ್ಯ ಯಾರು ಅಂತ ಗೊತ್ತಾಗದಿದ್ದರೆ ಅಲ್ಲೇ ಬಿಟ್ಟುಬಿಡಿ.

ಈಗ ದುಡ್ಡಿನ ಲೆಕ್ಕ. ತಿಂಗಳಿಗೆ ಆ ಐಟಂ 10,000 ಪೀಸ್, ರಿಜೆಕ್ಷನ್ 6 ಪರ್ಸೆಂಟ್ ಅಂದುಕೊಳ್ಳಿ. 600 ಪೀಸ್ ಆಯಿತು. ಅದರಲ್ಲಿ ಮೂರರಲ್ಲಿ ಒಂದು ಭಾಗ ಬ್ಲೋ ಹೋಲ್, ಅಂದರೆ 200. ಸ್ಕ್ರ್ಯಾಪನ್ನು ಮತ್ತೆ ಕರಗಿಸುವ ಲಾಭ ಕಳೆದು ಪೀಸ್‌ಗೆ 400 ರೂಪಾಯಿ ನಷ್ಟ ಅಂದರೆ ತಿಂಗಳಿಗೆ 80,000 ರೂಪಾಯಿ. ಮಾಡೆಲ್ ದೇವರಂತೆ ಕೆಲಸ ಮಾಡಿದರೂ ಇದಕ್ಕಿಂತ ಹೆಚ್ಚು ಉಳಿಯಲ್ಲ. ಕಾಲು ಭಾಗ ಕಡಿಮೆಯಾದರೆ ಉಳಿಯುವುದು 20,000. ಇಬ್ಬರ ಆರು ತಿಂಗಳ ಸಂಬಳವನ್ನು ಇದರ ಪಕ್ಕದಲ್ಲಿ ಬರೆದು ಮಾಲಕರಿಗೆ ತೋರಿಸಿ. ಇದೇ ಮೊದಲ ಚೆಕ್‌ಪಾಯಿಂಟ್. ನಿಮ್ಮ ನಿಜವಾದ ಅಂಕಿಗಳನ್ನು ಹಾಕಿ ನೋಡಿದಾಗ ಅರ್ಧ ಪ್ರಾಜೆಕ್ಟ್‌ಗಳು ಇಲ್ಲೇ ನಿಲ್ಲಬೇಕು, ಆದರೆ ಯಾರೂ ಈ ಲೆಕ್ಕ ಹಾಕುವುದೇ ಇಲ್ಲ.

ಎರಡನೇ ಹಂತ ಡೇಟಾ ಅರ್ಥ ಮಾಡಿಕೊಳ್ಳುವುದು. ನಿಮ್ಮ ಪ್ರಾಜೆಕ್ಟ್ ಬದುಕುತ್ತಾ ಸಾಯುತ್ತಾ ಅನ್ನುವುದು ತೀರ್ಮಾನ ಆಗುವುದು ಇಲ್ಲಿಯೇ, ಆಲ್ಗರಿದಮ್‌ನಲ್ಲಿ ಅಲ್ಲ. ಎರಡರಿಂದ ಮೂರು ವಾರ ಇಟ್ಟುಕೊಳ್ಳಿ. ಕೇಳಬೇಕಾದ ಪ್ರಶ್ನೆ ಒಂದೇ: ರಿಜೆಕ್ಟ್ ಆದ ಈ ಪೀಸ್ ಯಾವ ಹೀಟ್‌ನದು, ಅಂದರೆ ಫರ್ನೇಸ್‌ನಲ್ಲಿ ಯಾವ ಸಲ ಕರಗಿಸಿದ ಲೋಹದ್ದು, ಯಾವ ಶಿಫ್ಟ್‌ನ ಮರಳಿನದು ಅಂತ ಹೇಳಲು ಬರುತ್ತಾ?

ಹೇಗೆ ಕೈಕೊಡುತ್ತೆ ನೋಡಿ. ಹೀಟ್ ನಂಬರ್ ಬಹಳ ಕಡೆ ದಿನಾ 1ರಿಂದ ಶುರುವಾಗುತ್ತೆ. ನೀವು ಬರೀ ಹೀಟ್ ನಂಬರ್ ಮೇಲೆ ಎರಡು ಶೀಟ್ ಜೋಡಿಸಿದರೆ ಇವತ್ತಿನ 3ನೇ ಹೀಟ್‌ನ ಪೀಸ್ ಹೋದ ತಿಂಗಳ ಎಲ್ಲ 3ನೇ ಹೀಟ್‌ಗಳ ಜೊತೆ ಕೂಡಿಕೊಳ್ಳುತ್ತೆ. ಎರರ್ ಏನೂ ಬರಲ್ಲ, ಸಾಲುಗಳು ಮಾತ್ರ ಸುಮ್ನೆ ಹೆಚ್ಚಾಗುತ್ತವೆ. ಇನ್ನೊಂದು, ರಿಜೆಕ್ಷನ್ ರಿಜಿಸ್ಟರ್‌ನಲ್ಲಿ ಇರುವುದು ತಪಾಸಣೆಯ ತಾರೀಖು, ಎರಕ ಹೊಯ್ದ ತಾರೀಖು ಅಲ್ಲ. ಎರಡೂ ಶೀಟ್‌ನಲ್ಲಿ ಹೊಯ್ದ ತಾರೀಖು ಸರಿಯಾಗಿ ಇದ್ದರೆ ಹೀಗೆ ಪರೀಕ್ಷೆ ಮಾಡಿ:

```python
m = rej.merge(heat, on=["pour_date", "heat_no"],
              how="left", validate="many_to_one",
              indicator=True)
print((m["_merge"] == "both").mean())
```

ಹೀಟ್ ಶೀಟ್‌ನಲ್ಲಿ ಅದೇ ತಾರೀಖು, ಅದೇ ನಂಬರ್ ಎರಡು ಸಲ ಇದ್ದರೆ `validate` ಅಲ್ಲೇ ಎರರ್ ಕೊಟ್ಟು ನಿಲ್ಲಿಸುತ್ತೆ. ಕೊನೆಗೆ ಬರುವ ಸಂಖ್ಯೆ, ಎಷ್ಟು ಪಾಲು ರಿಜೆಕ್ಟ್ ಪೀಸ್‌ಗಳಿಗೆ ಅವುಗಳ ಹೀಟ್ ಸಿಕ್ಕಿತು ಅನ್ನುವುದು. 0.8 ದಾಟಿದರೆ ಮುಂದೆ, ಕಡಿಮೆ ಆದರೆ ಮಾಡೆಲ್ ಕೆಲಸ ಬಂದ್ ಅಂತ ನಾನಾದರೆ ಬರೆದಿಡುತ್ತೇನೆ. ಈ 0.8 ಯಾವ ಪುಸ್ತಕದ್ದೂ ಅಲ್ಲ, ನನ್ನ ಎಚ್ಚರಿಕೆ. ನೀವು 0.7 ಇಟ್ಟುಕೊಂಡರೂ ಜಗಳ ಇಲ್ಲ, ಮೊದಲೇ ಇಟ್ಟುಕೊಂಡರೆ ಸಾಕು.

ಸಿಗದ ಪೀಸ್‌ಗಳು ಯಾವುವು ಅಂತಲೂ ನೋಡಿ. ಒಳಗಿನ ಬ್ಲೋ ಹೋಲ್ ನಿಮ್ಮ ಅಂಗಳದಲ್ಲಿ ಕಾಣಲ್ಲ, ಗಿರಾಕಿ ಮಷಿನಿಂಗ್ ಮಾಡಿದಾಗ ಬಾಯಿ ಬಿಡುತ್ತೆ, ವಾರಗಳ ನಂತರ ಲಾರಿಯಲ್ಲಿ ವಾಪಸ್ ಬರುತ್ತೆ, ಅಷ್ಟರಲ್ಲಿ ಅದರ ಹೀಟ್ ಗುರುತು ಹೋಗಿರುತ್ತೆ. ಅಂದರೆ ಅತಿ ದುಬಾರಿ ಡಿಫೆಕ್ಟ್‌ಗಳೇ ನಿಮ್ಮ ಡೇಟಾದಲ್ಲಿ ಇಲ್ಲ. ಅವು 'ಚೆನ್ನಾಗಿದೆ' ಅನ್ನುವ ಪೀಸ್‌ಗಳ ಗುಂಪಿನಲ್ಲಿ ಕೂತಿವೆ.

ಮರಳಿನ ತೇವದ ಕಾಲಂ ತೆಗೆದು ಒಮ್ಮೆ ಕಣ್ಣಾಡಿಸಿ. 3.5, 3.5, 3.5, 3.5 ಅಂತ ವಾರಗಟ್ಟಲೆ ಹೋಗುತ್ತಿದ್ದರೆ, ಮತ್ತು ಪೂರ್ತಿ ಪುಟ ಒಂದೇ ಪೆನ್, ಒಂದೇ ಕೈಬರಹ ಆಗಿದ್ದರೆ, ಯಾರೋ ಶಿಫ್ಟ್ ಮುಗಿಯುವಾಗ ಕುರ್ಚಿಯಲ್ಲಿ ಕೂತು ತುಂಬಿದ್ದಾರೆ ಅಂತ ಅರ್ಥ. ಇದನ್ನು ಎಕ್ಸೆಲ್‌ಗೆ ಹಾಕಿದ ಮೇಲೆ ಕೈಬರಹ ಕಾಣಲ್ಲ, ಅದಕ್ಕೇ ಮೂಲ ರಿಜಿಸ್ಟರ್ ನೋಡಿ ಅನ್ನುವುದು. ಲೋಹದ ಉಷ್ಣತೆಯೂ ಹಾಗೇ: ಫರ್ನೇಸ್ ಹತ್ತಿರ ಒಮ್ಮೆ ಅಳೆಯುತ್ತಾರೆ, ಲ್ಯಾಡಲ್‌ನಲ್ಲಿ ಹೋಗುತ್ತಾ ಹೋಗುತ್ತಾ ಅದು ಇಳಿಯುತ್ತೆ. ಮೊದಲ ಬಾಕ್ಸ್‌ಗೂ ಕೊನೆಯ ಬಾಕ್ಸ್‌ಗೂ ನಿಮ್ಮ ಶೀಟ್‌ನಲ್ಲಿ ಒಂದೇ ಅಂಕಿ. ಹಾಗಾಗಿ ಈ ಡೇಟಾದಿಂದ ಪೀಸ್ ಪೀಸ್‌ಗೆ ಭವಿಷ್ಯ ಹೇಳಲು ಆಗಲ್ಲ, ಹೀಟ್ ಅಥವಾ ಶಿಫ್ಟ್ ಮಟ್ಟದಲ್ಲಿ ಮಾತ್ರ. ಇದನ್ನು ಮಾಲಕರಿಗೆ ಈಗಲೇ ಹೇಳಿ.

ಎರಡನೇ ಚೆಕ್‌ಪಾಯಿಂಟ್‌ನಲ್ಲಿ ಫೇಲ್ ಆದರೆ ಪ್ರಾಜೆಕ್ಟ್ ಸೋತಿತು ಅಂತ ಅಲ್ಲ. ಅದರ ಗುರಿ ಬದಲಾಯಿತು. ಕಾಸ್ಟಿಂಗ್ ಮೇಲೇ ಹೀಟ್ ಕೋಡ್ ಮೂಡುವಂತೆ ಮಾಡುವುದು, ತೇವವನ್ನು ನಿಜವಾಗಿ ಅಳೆಯುವುದು, ಮೂರು ತಿಂಗಳು ಬಿಟ್ಟು ಮತ್ತೆ ಕೂರುವುದು. ಕ್ರಿಸ್ಪ್-ಡಿಎಂ ಚಿತ್ರದಲ್ಲಿ ಎರಡನೇ ಹಂತದಿಂದ ಮೊದಲನೆಯದಕ್ಕೆ ಹಿಂದೆ ಹೋಗುವ ಬಾಣ ಇದೆಯಲ್ಲ, ಅದು ಇದಕ್ಕೇ ಇರುವುದು. ಸ್ಲೈಡ್ ಮಾಡುವವರು ಆ ಬಾಣವನ್ನೇ ಮೊದಲು ಅಳಿಸುತ್ತಾರೆ.

ಪಾಸ್ ಆದರೆ ತಯಾರಿ ಮತ್ತು ಮಾಡೆಲಿಂಗ್ ಎರಡನ್ನೂ ಸೇರಿಸಿ ಆರು ವಾರ ಕೊಡಿ. ಮಾಡೆಲ್ ಕಟ್ಟುವ ಮೊದಲು ಪರೀಕ್ಷೆ ಹೇಗೆ ಅಂತ ಬರೆಯಿರಿ. ಡೇಟಾವನ್ನು ಕಲಸಿ ಮನಸ್ಸಿಗೆ ಬಂದಂತೆ ಎರಡು ಭಾಗ ಮಾಡಬೇಡಿ. ಒಂದೇ ಹೀಟ್‌ನ ಪೀಸ್‌ಗಳು ಎರಡೂ ಕಡೆ ಬಿದ್ದರೆ ಮಾಡೆಲ್ ಕಾರಣ ಕಲಿಯಲ್ಲ, ಹೀಟ್ ಬಾಯಿಪಾಠ ಮಾಡುತ್ತೆ. ಹಳೆಯ ತಿಂಗಳುಗಳಲ್ಲಿ ಕಲಿಸಿ, ಹೊಸ ತಿಂಗಳುಗಳಲ್ಲಿ ಪರೀಕ್ಷಿಸಿ. ರಿಜೆಕ್ಟ್ ಆದ ಮೇಲೆ ತುಂಬುವ ಕಾಲಂಗಳನ್ನು, ಉದಾಹರಣೆಗೆ ರಿಮಾರ್ಕ್, ರಿಪೇರಿ ವೆಲ್ಡಿಂಗ್, ಕಿತ್ತುಹಾಕಿ. ಅವು ಉತ್ತರ ಪತ್ರಿಕೆಯ ನಕಲು.

ಮತ್ತೆ ಆ ಅಕ್ಯುರೆಸಿ. ಬ್ಲೋ ಹೋಲ್ ಬರುವುದು 2 ಪರ್ಸೆಂಟ್ ಪೀಸ್‌ಗೆ ಆದರೆ 'ಎಲ್ಲವೂ ಚೆನ್ನಾಗಿದೆ' ಅಂತ ಒಂದೇ ಸಾಲು ಬರೆದವನಿಗೂ 98 ಪರ್ಸೆಂಟ್ ಅಕ್ಯುರೆಸಿ! ನೀವು ಕೇಳಬೇಕಾದದ್ದು ಬೇರೆ: ಮಾಡೆಲ್ ಅಪಾಯ ಅಂದ ಹತ್ತರಲ್ಲಿ ಒಂದು ಭಾಗದ ಹೀಟ್‌ಗಳಲ್ಲಿ ಒಟ್ಟು ಬ್ಲೋ ಹೋಲ್‌ಗಳ ಎಷ್ಟು ಪಾಲು ಸಿಕ್ಕಿತು? ಅದೇ ಕೆಲಸವನ್ನು ಎರಡು ಸುಲಭ ವಿಧಾನಕ್ಕೂ ಕೊಡಿ. ಒಂದು, ಹಿಂದಿನ ಶಿಫ್ಟ್ ಕೆಟ್ಟದಿದ್ದರೆ ಇದೂ ಕೆಟ್ಟದ್ದು ಅನ್ನುವುದು. ಇನ್ನೊಂದು, ಮರಳನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ ಹೇಳುವ ನಿಮ್ಮ ಹಿರಿಯ ಸೂಪರ್‌ವೈಸರ್ ಅಂದಾಜು. ಅದನ್ನು ಒಂದಿಷ್ಟು ವಾರ ಬರೆಸಿಕೊಳ್ಳಿ. ಇವೆರಡನ್ನೂ ಸೋಲಿಸದಿದ್ದರೆ ಒಮ್ಮೆ ಮಾತ್ರ ಡೇಟಾ ತಯಾರಿಗೆ ವಾಪಸ್ ಹೋಗಲು ಬಿಡಿ. ಎರಡನೇ ಸಲವೂ ಸೋತರೆ ನಿಲ್ಲಿಸಿ. ಇನ್ನೊಂದು ಆಲ್ಗರಿದಮ್ ಟ್ರೈ ಮಾಡುತ್ತೇನೆ ಸರ್ ಅನ್ನುವವರಿಗೆ ಕೊನೆಯೇ ಇಲ್ಲ.

ಮೌಲ್ಯಮಾಪನದ ಹಂತದಲ್ಲಿ ಒಂದು ತಿಂಗಳು ಮಾಡೆಲನ್ನು ಗುಟ್ಟಾಗಿ ಓಡಿಸಿ. ದಿನಾ ಏನು ಹೇಳಿತು ಅಂತ ಬರೆದಿಡಿ, ಯಾರಿಗೂ ತೋರಿಸಬೇಡಿ, ತಿಂಗಳ ಕೊನೆಗೆ ರಿಜೆಕ್ಷನ್ ಜೊತೆ ತಾಳೆ ನೋಡಿ. ಆ ತಿಂಗಳು ಯಾವುದು ಅನ್ನುವುದೂ ಮುಖ್ಯ. ಜನವರಿಯಿಂದ ಮೇವರೆಗಿನ ಡೇಟಾದಲ್ಲಿ ಕಲಿತ ಮಾಡೆಲ್ ಬೆಳಗಾವಿಯ ಜುಲೈ ಮಳೆ ನೋಡಿಯೇ ಇಲ್ಲ. ಗಾಳಿ, ಮರಳು, ಅಂಗಳದಲ್ಲಿ ಬಿದ್ದ ಕೋರ್, ಎಲ್ಲ ಹಸಿ. ಬೇಸಿಗೆಯಲ್ಲಿ ಪಾಸ್ ಆದದ್ದನ್ನು ಮಳೆಗಾಲ ಕಳೆಯುವವರೆಗೆ ನಾನು ಪಾಸ್ ಅನ್ನಲ್ಲ, ಮಾಲಕರು ಎಷ್ಟೇ ಅವಸರ ಮಾಡಲಿ.

ಸೋಮವಾರ ಹೇಳಬೇಕಾದದ್ದು ಇಷ್ಟು: "ಸಾಹೇಬ್ರೇ, ಒಂದು ವಾರದಲ್ಲಿ ದುಡ್ಡಿನ ಲೆಕ್ಕ ತರುತ್ತೇನೆ. ಅದು ಸರಿ ಅನಿಸಿದರೆ ಇನ್ನು ಮೂರು ವಾರದಲ್ಲಿ ಡೇಟಾ ಜೋಡಣೆ ಆಗುತ್ತಾ ಇಲ್ಲವಾ ಹೇಳುತ್ತೇನೆ. ಅಲ್ಲಿಯವರೆಗಿನ ಖರ್ಚಿಗೆ ಮಾತ್ರ ಒಪ್ಪಿಗೆ ಕೊಡಿ."

ಪ್ರಶ್ನೆ: ಹೊರಗಿನ ಒಬ್ಬ ಕನ್ಸಲ್ಟಂಟ್ 95% ಅಕ್ಯುರೆಸಿ ಗ್ಯಾರಂಟಿ, ಬರದಿದ್ದರೆ ದುಡ್ಡು ವಾಪಸ್ ಅನ್ನುತ್ತಿದ್ದಾರೆ. ನಂಬಬಹುದಾ? (ಬಾಗಲಕೋಟೆ)

ನಿಮ್ಮ ಡೇಟಾ ನೋಡದೆ ಹೇಳಿದ ಅಂಕಿ ಅದು, ಮೇಲಿನ 98 ಪರ್ಸೆಂಟ್ ಕಥೆ ಓದಿ ಬಾಗಿಲು ಹಾಕಿಕೊಳ್ಳಿ.

ಪ್ರಶ್ನೆ: ಕ್ರಿಸ್ಪ್-ಡಿಎಂ ತೊಂಬತ್ತರ ದಶಕದ್ದು, ಹಳೆಯದಾಯಿತು. ಸ್ಕ್ರಮ್ ಬಳಸಿದರೆ ಆಗಲ್ವಾ?

ಶುರುವಾದದ್ದು 1996ರಲ್ಲಿ, ಗೈಡ್ ಬಂದದ್ದು 2000ದಲ್ಲಿ, ನಿಜ. ಎರಡು ವಾರದ ಸ್ಪ್ರಿಂಟ್ ಬೇಕಾದರೆ ಇದರೊಳಗೆ ಇಟ್ಟುಕೊಳ್ಳಿ, ಆದರೆ ನಿಲ್ಲಿಸಬೇಕಾ ಬೇಡವಾ ಅನ್ನುವುದನ್ನು ಸ್ಪ್ರಿಂಟ್ ಹೇಳಲ್ಲ.

ಪ್ರಶ್ನೆ: ವಿಜಯಪುರದಲ್ಲಿ ಕೊನೆಯ ವರ್ಷದ ಎಂಜಿನಿಯರಿಂಗ್. ಒಣದ್ರಾಕ್ಷಿ ದರದ ಪ್ರಾಜೆಕ್ಟ್. ಆರು ಹಂತಕ್ಕೂ ಸಮನಾಗಿ ಎರಡೆರಡು ವಾರ ಹಾಕಿ ಚಾರ್ಟ್ ಕೊಡಿ ಅಂತ ಗೈಡ್ ಹೇಳುತ್ತಾರೆ. ಸರಿನಾ?

ಸರಿ ಅಲ್ಲ ತಮ್ಮಾ. ಕ್ರಿಸ್ಪ್-ಡಿಎಂ ಬರೆದವರೇ ಡೇಟಾ ತಯಾರಿಗೆ 50ರಿಂದ 70 ಪರ್ಸೆಂಟ್ ಸಮಯ ಹೋಗುತ್ತೆ ಅಂತ ಅಂದಾಜು ಕೊಟ್ಟಿದ್ದಾರೆ, ಅದನ್ನೇ ನಿಮ್ಮ ಸರ್‌ಗೆ ತೋರಿಸು. ಮೊದಲ ಎರಡು ಹಂತಕ್ಕೆ ತಾರೀಖು ಹಾಕು, ಉಳಿದದ್ದಕ್ಕೆ ಪೆನ್ಸಿಲ್‌ನಲ್ಲಿ ಬರೆ. ನಿನ್ನೆಯ ದರವೇ ಇವತ್ತಿನ ದರ ಅನ್ನುವ ಊಹೆಯನ್ನು ನಿನ್ನ ಮಾಡೆಲ್ ಸೋಲಿಸದಿದ್ದರೆ ಅದನ್ನೇ ರಿಪೋರ್ಟ್‌ನಲ್ಲಿ ಬರೆ, ಮಾರ್ಕ್ಸ್ ಹೋಗಲ್ಲ.